ಪಕ್ಕದ ಚಾನೆಲ್‌ನೋರು ವಾರಕ್ಕೆ ನಾಲ್ಕು ವಿಡಿಯೋ ಹಾಕ್ತಾರೆ, ನಾನೂ ಹಾಕ್ಬೇಕಾ?

ಪ್ರಶ್ನೆ: ನಂದು ಕನ್ನಡ ಅಡುಗೆ ಯೂಟ್ಯೂಬ್ ಚಾನೆಲ್, ವಾರಕ್ಕೊಂದು ವಿಡಿಯೋ ಹಾಕ್ತೀನಿ. ನನ್ನ ಥರದ್ದೇ ಇನ್ನೊಂದು ಚಾನೆಲ್ ಇದೆ, ಅವರು ವಾರಕ್ಕೆ ನಾಲ್ಕು ಹಾಕ್ತಾರೆ. ಇಬ್ಬರದೂ ಕೊನೇ 12 ವಿಡಿಯೋ ತಗೊಂಡು ಆವರೇಜ್ ನೋಡಿದೆ. ನಂದು 9,000 ವ್ಯೂಸ್, ಅವರದು 14,000. ಜಾಸ್ತಿ ಹಾಕಿದ್ರೆ ಒಂದೊಂದು ವಿಡಿಯೋಗೂ ಜಾಸ್ತಿ ವ್ಯೂಸ್ ಬರತ್ತೆ ಅಂತ ತಾನೇ ಇದರರ್ಥ?

ಉತ್ತರ: ಇಲ್ಲ, ಈ ಲೆಕ್ಕದಿಂದ ಹಾಗೆ ಹೇಳೋಕಾಗಲ್ಲ. ನೀವು ಪ್ರಶ್ನೆ ಜೊತೆ ಬರೀ ಆ 12 ಅಲ್ಲದೆ ಎರಡೂ ಚಾನೆಲ್‌ನ ಹಳೇ ವಿಡಿಯೋದ್ದೂ ಸೇರಿಸಿ ನಂಬರ್ ಪಟ್ಟಿ ಕಳಿಸಿದ್ದು ತುಂಬಾ ಒಳ್ಳೇದಾಯ್ತು, ಅದನ್ನೇ ಇಟ್ಕೊಂಡು ನೋಡೋಣ.

ಅವರ 12 ವಿಡಿಯೋದಲ್ಲಿ 11ಕ್ಕೆ ಬಂದಿರೋದು 3,000ದಿಂದ 6,000ದ ಒಳಗೆ, ಉಳಿದ ಒಂದಕ್ಕೆ ಮಾತ್ರ 1,20,000. ಆ ಒಂದನ್ನ ತೆಗೆದಿಟ್ರೆ ಬಾಕಿ ಹನ್ನೊಂದರ ಆವರೇಜ್ ಸುಮಾರು 4,400, ಅಂದ್ರೆ ಅವರ 14,000ವನ್ನ ಹೊತ್ತಿರೋದು ಹೆಚ್ಚುಕಮ್ಮಿ ಅದೊಂದೇ ವಿಡಿಯೋ. ಇದಕ್ಕೇ ಆವರೇಜ್ ಬಿಟ್ಟು ಮೀಡಿಯನ್ ನೋಡಿ ಅನ್ನೋದು, ವ್ಯೂಸನ್ನ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಬರೆದು ನಡುವಿನದ್ದನ್ನ ತಗೊಳ್ಳೋದು. ಹಾಗೆ ಮಾಡಿದ್ರೆ ಅವರದು ಸುಮಾರು 4,400, ನಿಮ್ಮದು 8,500.

ಓ ಹಾಗಾದ್ರೆ ನಾನೇ ಮುಂದೆ ಇದೀನಿ ಅಂತ ಖುಷಿಪಡೋಕೂ ಮುಂಚೆ ಇನ್ನೊಂದು ನೋಡ್ಬೇಕು, ಹೆಚ್ಚಿನವರು ಮೋಸಹೋಗೋದು ಇಲ್ಲೇ. ವಾರಕ್ಕೆ ನಾಲ್ಕು ಹಾಕೋರ ಕೊನೇ 12 ವಿಡಿಯೋ ಅಂದ್ರೆ ಬರೀ ಮೂರು ವಾರದ್ದು, ವಾರಕ್ಕೊಂದು ಹಾಕೋ ನಿಮ್ಮ 12 ಅಂದ್ರೆ ಮೂರು ತಿಂಗಳದ್ದು. ಹೊರಗಡೆ ಕಾಣೋ ವ್ಯೂ ಕೌಂಟ್ ಇದೆಯಲ್ಲ, ಅದು ವಿಡಿಯೋ ಪಬ್ಲಿಶ್ ಆದ ದಿನದಿಂದ ಇವತ್ತಿನವರೆಗೆ ಸೇರ್ತಾ ಬಂದ ಒಟ್ಟು ಮೊತ್ತ. ನಿಮ್ಮ ವಿಡಿಯೋಗಳಿಗೆ ವ್ಯೂಸ್ ಸೇರೋಕೆ ಸಿಕ್ಕಷ್ಟು ಟೈಮ್ ಅವರದಕ್ಕೆ ಇನ್ನೂ ಸಿಕ್ಕೇ ಇಲ್ಲ. ಎಷ್ಟು ಬೇಗಬೇಗ ಹಾಕ್ತಾರೋ ಅವರ "ಕೊನೇ 12" ಅಷ್ಟು ಎಳೇದಾಗಿರತ್ತೆ, ಹಾಗಾಗಿ ಈ ಥರ ಹೋಲಿಸಿದಾಗ ಜಾಸ್ತಿ ಹಾಕೋರೇ ಯಾವಾಗ್ಲೂ ಇರೋದಕ್ಕಿಂತ ಕಮ್ಮಿ ಕಾಣ್ತಾರೆ. ಅಡುಗೆ ಚಾನೆಲ್‌ಗಳಲ್ಲಂತೂ ಇದು ಇನ್ನೂ ಜೋರು, ಯಾಕಂದ್ರೆ ಮೂರು ವರ್ಷದ ಹಿಂದಿನ ಒಬ್ಬಟ್ಟಿನ ವಿಡಿಯೋದ ಮೇಲೆ ಪ್ರತಿ ಯುಗಾದಿಗೂ ಜನ ಹುಡುಕ್ಕೊಂಡು ಬಂದು ನೋಡಿದ ವ್ಯೂಸ್ ಒಟ್ಟಿಗೇ ಕೂತಿರತ್ತೆ. ಅದನ್ನ ಹೋದ ತಿಂಗಳ ಪಲ್ಯದ ವಿಡಿಯೋ ಜೊತೆ ಇಟ್ಟು "ಇವರ ಚಾನೆಲ್ ಈಗ ಡೌನ್ ಆಗ್ತಿದೆ" ಅನ್ನೋರನ್ನ ನಾನು ಎಷ್ಟೋ ಸಲ ನೋಡಿದೀನಿ.

ಸರಿಯಾಗಿ ಮಾಡೋದು ಹೇಗೆ ಅಂದ್ರೆ ವಿಡಿಯೋ ಎಷ್ಟು ಅನ್ನೋದನ್ನ ಬಿಟ್ಟು ವಯಸ್ಸು ಫಿಕ್ಸ್ ಮಾಡಿ. ಪಬ್ಲಿಶ್ ಆಗಿ 60ರಿಂದ 90 ದಿನ ಆಗಿರೋವನ್ನಷ್ಟೇ ಎರಡೂ ಚಾನೆಲ್‌ನಿಂದ ತಗೊಳ್ಳಿ. ಲಿಸ್ಟ್‌ನಲ್ಲಿ "2 ತಿಂಗಳ ಹಿಂದೆ" ಅಂತ ಅಂದಾಜಾಗಿ ತೋರಿಸತ್ತೆ, ವಿಡಿಯೋ ತೆಗೆದು ಡಿಸ್ಕ್ರಿಪ್ಷನ್ ಬಿಚ್ಚಿದ್ರೆ ಸರಿಯಾದ ತಾರೀಕು ಸಿಗತ್ತೆ. ಒಂದೊಂದು ಚಾನೆಲ್‌ಗೂ ಬೇರೆ ಶೀಟ್ ಮಾಡಿ, ಬಿ ಕಾಲಮ್‌ಗೆ ಪಬ್ಲಿಶ್ ಆದ ದಿನ, ಸಿ ಕಾಲಮ್‌ಗೆ ವ್ಯೂಸ್, ಇ1 ಸೆಲ್‌ಗೆ ನೀವು ಲೆಕ್ಕ ಬರ್ಕೊಂಡ ದಿನ ಹಾಕಿ. ಆಮೇಲೆ ಗೂಗಲ್ ಶೀಟ್ಸ್‌ನಲ್ಲಿ ಇದು ಸಾಕು:

```
=MEDIAN(FILTER(C2:C60, $E$1-B2:B60>=60, $E$1-B2:B60<=90))
```

ನಿಮ್ಮ ಪಟ್ಟಿಗೆ ಹೀಗೆ ಮಾಡಿದಾಗ ಅವರದು 17 ವಿಡಿಯೋ, ಮೀಡಿಯನ್ 7,200. ನಿಮ್ಮದು 4 ವಿಡಿಯೋ, ಮೀಡಿಯನ್ 8,200. ನಾಲ್ಕೇ ನಾಲ್ಕು ವಿಡಿಯೋ ಇಟ್ಕೊಂಡು 8,200 ಜಾಸ್ತಿ 7,200 ಕಮ್ಮಿ ಅಂತ ತೀರ್ಪು ಕೊಡೋಕೆ ಬರಲ್ಲ, ಅದರಲ್ಲಿ ಒಂದು ವಿಡಿಯೋ ಬದಲಾದ್ರೂ ನಂಬರ್ ಎಲ್ಲಿಂದೆಲ್ಲಿಗೋ ಹೋಗತ್ತೆ. ಹೇಳಬಹುದಾದ್ದು ಇಷ್ಟೇ, ಒಂದೊಂದು ವಿಡಿಯೋ ಲೆಕ್ಕದಲ್ಲಿ ನಿಮ್ಮಿಬ್ಬರ ಮಧ್ಯೆ ಕಣ್ಣಿಗೆ ಬೀಳೋವಷ್ಟು ವ್ಯತ್ಯಾಸ ಇಲ್ಲ.

ಆ 1,20,000ದ ವಿಡಿಯೋಗೂ ಒಂದು ಮಾತು. ಯೂಟ್ಯೂಬ್‌ನಲ್ಲಿ ವಿಡಿಯೋವನ್ನ ಆಡ್ ಆಗಿ ಓಡಿಸಿದಾಗ ಬರೋ ವ್ಯೂಸ್ ಕೂಡ ಅದೇ ಕೌಂಟ್‌ಗೆ ಸೇರಬಹುದು, ಹೊರಗಿನವರಿಗೆ ಅದು ಬೇರೆಯಾಗಿ ಕಾಣಲ್ಲ. ಲೈಕ್ಸ್ ನೋಡಿ: ಅವರ 4,400 ವ್ಯೂಸ್ ವಿಡಿಯೋಗೆ 200 ಲೈಕ್ ಬರ್ತಿದ್ದು ಇದಕ್ಕೆ ಬರೀ 350 ಇದ್ರೆ ಸ್ವಲ್ಪ ಅನುಮಾನ ಪಡಬಹುದು, ಆದ್ರೆ ಅದು ಸಾಕ್ಷಿ ಅಂತೂ ಅಲ್ಲ, ಹೊರಗಿನಿಂದ ಹುಡುಕ್ಕೊಂಡು ಬಂದ ಹೊಸಬರೂ ಲೈಕ್ ಒತ್ತದೆ ಹೋಗ್ತಾರೆ. ಶಾರ್ಟ್ಸ್ ಅಂತೂ ಈ ಶೀಟ್‌ಗೆ ಸೇರಿಸಲೇಬೇಡಿ. 2025ರ ಮಾರ್ಚ್ 31ರಿಂದ ಶಾರ್ಟ್ ಪ್ಲೇ ಆಗೋಕೆ ಶುರುವಾದ್ರೆ ಸಾಕು ಒಂದು ವ್ಯೂ, ಮತ್ತೆ ಸುತ್ತಿ ಬಂದ್ರೆ ಇನ್ನೊಂದು, ಹಾಗಾಗಿ ಅದಕ್ಕೂ ಮುಂಚಿನ ಶಾರ್ಟ್ಸ್ ಜೊತೆ ಕೂಡ ಹೋಲಿಸೋಕಾಗಲ್ಲ. ಚಾನೆಲ್‌ನ ಒಟ್ಟು ವ್ಯೂಸ್‌ನಲ್ಲಿ ಶಾರ್ಟ್ಸ್ ಕೂಡ ಬೆರೆತಿರತ್ತೆ ಅಂತ ನೆನಪಿರಲಿ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ, ಜಾಸ್ತಿ ಹಾಕೋದ್ರಿಂದ ಏನಾದ್ರೂ ಆಗತ್ತಾ? ಎರಡು ಚಾನೆಲ್ ಅಕ್ಕಪಕ್ಕ ಇಟ್ಟು ಇದನ್ನ ಕಂಡುಹಿಡಿಯೋಕಾಗಲ್ಲ, ಯಾಕಂದ್ರೆ ಉಲ್ಟಾ ಕೂಡ ನಿಜ ಆಗಿರಬಹುದು: ಮೊದಲು ಚಾನೆಲ್ ಓಡಿತು, ದುಡ್ಡು ಬಂತು, ಎಡಿಟರ್ ಇಟ್ಕೊಂಡ್ರು, ಅದಕ್ಕೇ ಈಗ ನಾಲ್ಕು ಹಾಕೋಕಾಗ್ತಿದೆ. ಇದಕ್ಕಿಂತ ಅದೇ ಚಾನೆಲ್‌ನ ಹಿಂದಿನದ್ದು ನೋಡೋದು ವಾಸಿ. ಅವರು ಯಾವ ತಿಂಗಳಲ್ಲಿ ಎರಡರಿಂದ ನಾಲ್ಕಕ್ಕೆ ಏರಿದ್ರು ಅಂತ ಹುಡುಕಿ, ಆದ್ರೆ ಹಳೇ ವಿಡಿಯೋಗೆ 30ನೇ ದಿನ ಎಷ್ಟಿತ್ತು ಅನ್ನೋದು ಈಗ ಹೊರಗಡೆ ಕಾಣಲ್ಲ, ಅದಕ್ಕೇ ಇವತ್ತಿಂದಲೇ ಬರೆದಿಟ್ಕೊಳ್ಳಿ. ಪ್ರತಿ ಭಾನುವಾರ ಅವರ ಪ್ರತಿ ವಿಡಿಯೋದ ವ್ಯೂಸ್ ಒಂದು ಹೊಸ ಕಾಲಮ್‌ನಲ್ಲಿ. ಎರಡು ಭಾನುವಾರದ ನಂಬರ್ ಕಳೆದ್ರೆ ಆ ವಾರದ ವ್ಯೂಸ್ ಬರತ್ತೆ, ಹೊರಗಿನವರಿಗೆ ಆ ವಾರದ ನಿಜವಾದ ಓಟ ಗೊತ್ತಾಗೋದು ಹೀಗೇನೆ. ಇನ್ನೊಂದು ಲಾಭ ಏನಂದ್ರೆ ಓಡದ ವಿಡಿಯೋವನ್ನ ಅವರು ಪ್ರೈವೇಟ್ ಮಾಡಿದ್ರೂ ನಿಮ್ಮ ಪಟ್ಟಿಯಲ್ಲಿ ಉಳಿದಿರತ್ತೆ. ಇಲ್ಲಾಂದ್ರೆ ಸೋತ ವಿಡಿಯೋ ಎಲ್ಲಾ ಮಾಯ ಆಗಿ ಅವರ ಮೀಡಿಯನ್ ಸುಮ್ನೆ ಮೇಲೆ ಕಾಣತ್ತೆ, ಎಷ್ಟು ಅಪ್‌ಲೋಡ್ ಮಾಡಿದ್ರು ಅನ್ನೋ ಲೆಕ್ಕವೂ ಕಮ್ಮಿ ಬರತ್ತೆ.

ಅಪ್‌ಲೋಡ್ ಜಾಸ್ತಿಯಾದ ಟೈಮ್ ಹಬ್ಬದ ಸೀಸನ್ ಆಗಿದ್ರೆ ಮಾತ್ರ ಏನೂ ತೀರ್ಮಾನ ಮಾಡಬೇಡಿ. ವರಮಹಾಲಕ್ಷ್ಮಿ, ಗಣೇಶನ ಹಬ್ಬ, ದಸರಾ ಸಾಲಾಗಿ ಬರೋವಾಗ ಕಡುಬು, ಕೋಸಂಬರಿ ಹುಡುಕೋರೇ ಜಾಸ್ತಿ ಇರ್ತಾರೆ, ಅಪ್‌ಲೋಡ್ ಜಾಸ್ತಿ ಮಾಡೋದೂ ಆಗ್ಲೇ, ಯಾವುದರಿಂದ ಯಾವುದು ಆಯ್ತು ಅಂತ ಬಿಡಿಸೋಕಾಗಲ್ಲ.

ನನ್ನ ಸಲಹೆ ಕೇಳಿದ್ರೆ ನಾಲ್ಕಕ್ಕೆ ಹಾರಬೇಡಿ. ದೊಡ್ಡ ಹಬ್ಬ ಇಲ್ಲದ ಎರಡು ತಿಂಗಳು ನೋಡ್ಕೊಂಡು ವಾರಕ್ಕೆ ಎರಡು ಹಾಕಿ, ಈಗ ಮಾಡ್ತಿರೋ ಥರದ್ದೇ ರೆಸಿಪಿ, ಅದೇ ಥರದ ಥಂಬ್‌ನೇಲ್. ನಿಮ್ಮದೇ ಚಾನೆಲ್ ಆದ್ದರಿಂದ ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರತಿ ವಿಡಿಯೋದ ದಿನದಿನದ ಲೆಕ್ಕ ಸಿಗತ್ತೆ, ಮೊದಲ 28 ದಿನದ ವ್ಯೂಸ್ ತಗೊಂಡು ಅದಕ್ಕೂ ಹಿಂದಿನ ಎರಡು ತಿಂಗಳ ಜೊತೆ ಇಟ್ಟು ನೋಡಿ. ಒಂದೊಂದರ ಮೀಡಿಯನ್ ಅಷ್ಟೇ ನಿಂತು ವಾರದ ಒಟ್ಟು ಏರಿದ್ರೆ ಎರಡೇ ಮುಂದುವರಿಸಿ. ಮೀಡಿಯನ್ ಅರ್ಧಕ್ಕೆ ಇಳಿದು ಒಟ್ಟು ಮೊದಲಿನಷ್ಟೇ ಇದ್ರೆ ಎರಡನೇ ವಿಡಿಯೋದ ಖರ್ಚು, ಶ್ರಮಕ್ಕೆ ಏನೂ ಹುಟ್ಟಿಲ್ಲ, ಒಂದಕ್ಕೇ ವಾಪಸ್ ಬನ್ನಿ.