ಗೋಲಗುಂಬಜ್ ಪಾಠಕ್ಕೆ ನಾಲ್ಕು ಸೆಕೆಂಡಿನ ಮೌನ

ವಿಜಯಪುರದ ಗೋಲಗುಂಬಜ್ ಬಗ್ಗೆ ವಿಶ್ವವಿದ್ಯಾಲಯದ ತರಗತಿಗೆ ಒಂದು ಪಾಠದ ವಿಡಿಯೊ ಮಾಡಬೇಕು ಅಂದುಕೊಳ್ಳಿ. ನೋಡುವವರಲ್ಲಿ ಕಣ್ಣು ಕಾಣದವರೂ ಇದ್ದಾರೆ, ಕಿವಿ ಕೇಳದವರೂ ಇದ್ದಾರೆ. ಈ ವಿಷಯವೇ ಸ್ವಲ್ಪ ಕಷ್ಟದ್ದು. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂತದ್ದು ಹೇಗೆ ಎಂಬುದು ಕಣ್ಣಿನ ಪಾಠ. ಒಳಗಿನ ಪ್ರತಿಧ್ವನಿ ಕಿವಿಯ ಪಾಠ.

ಸಾಮಾನ್ಯವಾಗಿ ಮೊದಲು ಶೂಟಿಂಗ್, ಎಡಿಟಿಂಗ್ ಎಲ್ಲ ಮುಗಿಯುತ್ತದೆ. ಆಮೇಲೆ ಯಾರಿಗೋ ಚಿತ್ರ ವಿವರಿಸುವ ಧ್ವನಿ ಸೇರಿಸಲು ಹೇಳುತ್ತಾರೆ. ಅವರು ಎಲ್ಲಿ ಸೇರಿಸಬೇಕು? ಸಿನಿಮಾದಲ್ಲಾದರೆ ಮಾತಿನ ನಡುವೆ ಜಾಗ ಸಿಗುತ್ತದೆ. ಪಾಠದಲ್ಲಿ ಮೇಡಂ ಉಸಿರು ಬಿಡದೆ ಮಾತಾಡುತ್ತಿರುತ್ತಾರೆ. ಹಾಗಾಗಿ ಮೌನವನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಬೇಕು.

ಕಮಾನುಗಳ ದೃಶ್ಯವನ್ನೇ ತೆಗೆದುಕೊಳ್ಳೋಣ. ಮೇಡಂ ಬೆರಳು ತೋರಿಸಿ, “ಇದು ಇಲ್ಲಿಂದ ಎದ್ದು ಹೀಗೆ ದಾಟಿ ಅಲ್ಲಿ ಸೇರುತ್ತದೆ” ಎನ್ನುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಇದರಲ್ಲಿ ಏನೂ ಇಲ್ಲ, ಅಲ್ವಾ? ಆ ಮಾತನ್ನೇ ಹೀಗೆ ಬದಲಿಸಬಹುದು: “ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ದಾಟುತ್ತವೆ. ಗುಮ್ಮಟದ ಭಾರ ಅವುಗಳ ಮೇಲೆ ಕೂತಿದೆ.” ಅರ್ಧ ವಿವರಣೆ ಇಲ್ಲೇ ಮುಗಿಯಿತು. ಉಳಿದದ್ದು ಆಕಾರ. ಅದಕ್ಕೆ ನಾಲ್ಕು ಸೆಕೆಂಡು ಬಿಡಿ. ಇನ್ನೊಂದು ಧ್ವನಿ ಹೇಳಲಿ: “ಚೌಕದ ಮೇಲೆ ಓರೆಯಾಗಿ ಇನ್ನೊಂದು ಚೌಕ. ಎಂಟು ಮೂಲೆಯ ನಕ್ಷತ್ರ.” ಕನ್ನಡದ ಪದಗಳು ಉದ್ದ. ನಾಲ್ಕು ಸೆಕೆಂಡಿನಲ್ಲಿ ಆರರಿಂದ ಎಂಟು ಪದ ಹಿಡಿಸಿದರೆ ಜಾಸ್ತಿಯೇ. ಪದ ಎಣಿಸುವುದಕ್ಕಿಂತ ಗಡಿಯಾರ ಹಿಡಿದು ಜೋರಾಗಿ ಓದಿ ನೋಡುವುದು ಒಳ್ಳೆಯದು.

ಇದೇ ನಾಲ್ಕು ಸೆಕೆಂಡು ಕಿವುಡ ವಿದ್ಯಾರ್ಥಿಗೂ ಬೇಕು. ಅವರು ಕ್ಯಾಪ್ಷನ್ ಓದುವಾಗ ಕಮಾನು ನೋಡಲು ಆಗುವುದಿಲ್ಲ, ಇರುವುದು ಒಂದೇ ಜೋಡಿ ಕಣ್ಣು. ಮೇಡಂ ಸುಮ್ಮನಾದಾಗ ಅವರಿಗೆ ಚಿತ್ರ ಸಿಗುತ್ತದೆ. ಆ ಹೊತ್ತಿನಲ್ಲಿ ವಿವರಣೆಯ ಮಾತನ್ನೂ ಕ್ಯಾಪ್ಷನ್ನಿಗೆ ತುಂಬಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ.

ಈಗ ಪ್ರತಿಧ್ವನಿ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಗುಮ್ಮಟದ ಬುಡದ ಸುತ್ತಲಿರುವ ಗ್ಯಾಲರಿಯಲ್ಲಿ ತಟ್ಟಿದ ಚಪ್ಪಾಳೆ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್ ಸಾಗಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಕಾಲು ಸೆಕೆಂಡಿಗಿಂತ ಮೊದಲೇ ಅದು ಮರಳಿ ಬಂದಿರುತ್ತದೆ. ಅಷ್ಟರಲ್ಲಿ ಯಾರೂ ಒಂದು ಸಾಲು ಓದಲಾರರು. ಆದ್ದರಿಂದ ಒಂದೊಂದು ಪ್ರತಿಧ್ವನಿಗೂ “ಟಪ್” ಎಂದು ಬರೆಯುವುದು ಬೇಡ. ಒಂದೇ ಕ್ಯಾಪ್ಷನ್ ಸಾಕು, ಸದ್ದು ಅಡಗುವವರೆಗೂ ಅದು ಪರದೆಯ ಮೇಲಿರಲಿ. ಕ್ಯಾಪ್ಷನ್ ಫೈಲಿನಲ್ಲಿ ಮೊದಲು ಅದರ ಕ್ರಮಸಂಖ್ಯೆ, ಆಮೇಲೆ ಶುರುವಾಗುವ ಮತ್ತು ಮುಗಿಯುವ ಹೊತ್ತು, ಕೊನೆಗೆ ಬರಹ:

```
14
00:03:10,000 --> 00:03:16,000
[ಒಂದೇ ಚಪ್ಪಾಳೆ. ಮತ್ತೆ ಮತ್ತೆ
ಮರಳಿ, ನಿಧಾನವಾಗಿ ಅಡಗುತ್ತದೆ]
```

“[ಪ್ರತಿಧ್ವನಿ]” ಎಂದಷ್ಟೇ ಬರೆದರೆ ತಪ್ಪೇನಿಲ್ಲ, ಆದರೆ ಪಾಠ ಉಳಿಯುವುದಿಲ್ಲ. ಈ ಆರು ಸೆಕೆಂಡಿನಲ್ಲಿ ವಿವರಣೆಯ ಧ್ವನಿ ಬಾಯಿ ಬಿಡಬಾರದು. ಕಣ್ಣು ಕಾಣದವರಿಗೆ ಇಡೀ ವಿಡಿಯೊದ ಅತ್ಯುತ್ತಮ ಭಾಗ ಇದೇ. ಮೇಡಂ ಮಾತನ್ನಂತೂ ಗುಮ್ಮಟದ ಒಳಗೆ ರೆಕಾರ್ಡ್ ಮಾಡಬೇಡಿ. ಒಂದು ಪದದ ಬಾಲ ಮುಂದಿನ ಪದದ ಮೇಲೆ ಬಿದ್ದು ಎರಡೂ ಕೆಡುತ್ತವೆ.

ಕ್ಯಾಪ್ಷನ್ ಸಾಲಿನ ಉದ್ದಕ್ಕೆ ಇಂಗ್ಲಿಷಿನ ಲೆಕ್ಕ ನಮಗೆ ಹೊಂದುವುದಿಲ್ಲ. “ಸ್ತ್ರೀ” ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಸಾಲು ಎರಡು ಮೀರದಿರಲಿ. “38” ಒಂದು ಸಾಲಿನಲ್ಲಿ, “ಮೀಟರ್” ಇನ್ನೊಂದರಲ್ಲಿ ಬೀಳದಿರಲಿ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಿಂದಿನ ಕಪ್ಪು ಪಟ್ಟಿ ಗಿಡ್ಡವಾದರೆ ಒತ್ತೇ ಕತ್ತರಿಸಿ ಹೋಗುತ್ತದೆ. ಫಾಂಟ್ ಆರಿಸುವಾಗ “ಕ್ಷೇತ್ರ”, “ವಾಸ್ತುಶಿಲ್ಪ” ಎಂಬಂಥ ಪದಗಳನ್ನು ಎರಡು ಸಾಲಲ್ಲಿ ಬರೆದು ನೋಡಿದರೆ ಗೊತ್ತಾಗುತ್ತದೆ.

ಪರದೆಯ ಮೇಲಿನ ಬರಹದ ತೊಂದರೆ ಬೇರೆ. ಬಿಸಿಲು ಬಿದ್ದ ಗೋಡೆಯ ಮೇಲೆ ಬಿಳಿ ಅಕ್ಷರ ಹಾಕಿ ಕ್ಯಾಮೆರಾ ತಿರುಗಿಸಿದರೆ ಅಕ್ಷರ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ. ವೆಬ್‌ಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಸಣ್ಣ ಬರಹಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಕೇಳುತ್ತದೆ, ದೊಡ್ಡ ಬರಹಕ್ಕೆ 3:1. ಓಡುವ ಚಿತ್ರದ ಮೇಲೆ ಇದನ್ನು ಅಳೆಯುವುದೇ ಕಷ್ಟ. ಬರಹದ ಹಿಂದೆ ಗಟ್ಟಿ ಬಣ್ಣದ ಪಟ್ಟಿ ಇಟ್ಟರೆ ಒಂದು ಸಲ ಅಳೆದರೆ ಸಾಕು. ಕೆಳಗಿನ ಜಾಗ ಕ್ಯಾಪ್ಷನ್ನಿಗೆ ಬೇಕು, ಹೆಸರು ಮತ್ತು ಅಳತೆಗಳನ್ನು ಮೇಲೆ ಹಾಕಿ. ಆ ಅಳತೆಯನ್ನು ಮೇಡಂ ಬಾಯಲ್ಲೂ ಹೇಳಿಸಿ.

ಕೊನೆಗೆ ವಿಡಿಯೊವನ್ನು ಒಮ್ಮೆ ಪರದೆ ಆಫ್ ಮಾಡಿ ಕೇಳಿ, ಒಮ್ಮೆ ಸದ್ದು ನಿಲ್ಲಿಸಿ ನೋಡಿ. ಎರಡರಲ್ಲಿ ಯಾವ ಸಲವಾದರೂ ನಕ್ಷತ್ರದ ಆಕಾರ ಸಿಗದಿದ್ದರೆ ಬದಲಿಸಬೇಕಾದದ್ದು ಸ್ಕ್ರಿಪ್ಟು. ಆಮೇಲೆ, ಇಂಥ ವಿಡಿಯೊ ನಿಜವಾಗಿ ಬಳಸುವ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ, ಏನು ತಿಳಿಯಿತು ಎಂದು ಕಾಗದದ ಮೇಲೆ ಕಮಾನುಗಳ ಚಿತ್ರ ಬರೆಯಿಸಿ. ಕಣ್ಣು ಕಾಣದವರು ಕಡ್ಡಿಗಳನ್ನು ಜೋಡಿಸಿ ತೋರಿಸಲಿ.