ಕ್ಯಾಲೊರಿ ಸಾಕು, ಪ್ರೋಟೀನ್ ಕಡಿಮೆ: ಒಂದು ದಿನದ ಊಟದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಪಟ್ಟಿಯಂತೆ, 55 ಕಿಲೊ ತೂಕದ ಮಹಿಳೆ ಕುಳಿತು ಕೆಲಸ ಮಾಡುವವರಾದರೆ ದಿನಕ್ಕೆ 1,660 ಕ್ಯಾಲೊರಿ ಬೇಕು. ಹೊಲದಲ್ಲಿ ದಿನವಿಡೀ ಮೈಮುರಿದು ದುಡಿಯುವವರಾದರೆ 2,720. ಪ್ರೋಟೀನ್ ಮಾತ್ರ ಇಬ್ಬರಿಗೂ ಒಂದೇ, ಕಿಲೊ ತೂಕಕ್ಕೆ 0.83 ಗ್ರಾಂ. ಧಾನ್ಯವೇ ಮುಖ್ಯವಾದ ಸಸ್ಯಾಹಾರದಲ್ಲಿ ಪ್ರೋಟೀನಿನ ಗುಣಮಟ್ಟ ತುಸು ಕಡಿಮೆ ಇರುವುದರಿಂದ ನಾನು ಕಿಲೊಗೆ 1 ಗ್ರಾಂ ಎಂದು ಹಿಡಿಯುತ್ತೇನೆ.

ನನ್ನ ಬಳಿಗೆ ಬರುವವರಲ್ಲಿ ಹೆಚ್ಚಾಗಿ ಕಾಣುವ ಒಂದು ಮಾದರಿಯನ್ನು ಇಲ್ಲಿ ಲೆಕ್ಕ ಹಾಕೋಣ. ಕಚೇರಿ ಕೆಲಸದ ಮಹಿಳೆ, ಎತ್ತರ 155 ಸೆಂ.ಮೀ., ತೂಕ 68 ಕಿಲೊ. ಇವರಿಗೆ 68ರ ಮೇಲೆ ಲೆಕ್ಕ ಹಾಕಿದರೆ ಹೆಚ್ಚುವರಿ ಕೊಬ್ಬಿಗೂ ಊಟ ಬಡಿಸಿದಂತಾಗುತ್ತದೆ. ಎತ್ತರಕ್ಕೆ ಒಪ್ಪುವ 55 ಕಿಲೊವನ್ನೇ ಹಿಡಿಯಬೇಕು. ಆಗ ಸುಮಾರು 1,650 ಕ್ಯಾಲೊರಿ, 55 ಗ್ರಾಂ ಪ್ರೋಟೀನ್. ಸಂಜೆ ಅರ್ಧ ಗಂಟೆ ನಡೆಯುತ್ತೇನೆಂದು ಹಲವರು ತಮ್ಮನ್ನು ಮಧ್ಯಮ ಶ್ರಮದ ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಆ ನಡಿಗೆಯಲ್ಲಿ ಖರ್ಚಾಗುವುದು ನೂರರ ಆಸುಪಾಸಿನ ಕ್ಯಾಲೊರಿ ಮಾತ್ರ, ಗುಂಪು ಬದಲಾಯಿಸಲು ಅದು ಸಾಲದು.

ಬೆಳಿಗ್ಗೆ ಉಪ್ಪಿಟ್ಟು, ಕಾಫಿ, ಮಧ್ಯಾಹ್ನ ಅನ್ನ, ಸಾರು, ಪಲ್ಯ, ಸ್ವಲ್ಪ ಮೊಸರು, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ, ಜೊತೆಗೆ ಒಂದಿಷ್ಟು ಅನ್ನ. ಒಟ್ಟು 1,600 ಕ್ಯಾಲೊರಿ ಆಗಿಯೇಬಿಡುತ್ತದೆ, ಆದರೆ ಪ್ರೋಟೀನ್ 40 ಗ್ರಾಂ ದಾಟುವುದಿಲ್ಲ. ಸಾರಿನಲ್ಲಿ ಬೇಳೆ ಇದೆಯಲ್ಲ ಎಂಬ ನಂಬಿಕೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ನಾಲ್ಕು ಜನರ ಸಾರಿಗೆ 60 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರ ಪಾಲಿಗೆ ಬರುವುದು 15 ಗ್ರಾಂ ಬೇಳೆ, ಅದರಲ್ಲಿ 3 ಗ್ರಾಂ ಪ್ರೋಟೀನ್.

ಊಟ ಹೆಚ್ಚಿಸದೆ ಇದನ್ನು ಸರಿಪಡಿಸಬಹುದು. ಉಪ್ಪಿಟ್ಟಿನ ಬದಲು 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಹಾಲು ಹೆಚ್ಚಿಗೆ ಹಾಕಿದ ಕಾಫಿ ಸೇರಿದರೆ 17 ಗ್ರಾಂ. ಮಧ್ಯಾಹ್ನ ಅಕ್ಕಿಯನ್ನು 100ರಿಂದ 75 ಗ್ರಾಂಗೆ ಇಳಿಸಿ, 30 ಗ್ರಾಂ ಬೇಳೆಯ ಗಟ್ಟಿ ತೊವ್ವೆ, ಒಂದು ಬಟ್ಟಲು ಮೊಸರು ಇಟ್ಟರೆ ಇನ್ನೂ 17. ಸಂಜೆ ಒಂದು ಹಿಡಿ ಹುರಿಗಡಲೆಯಿಂದ 6. ರಾತ್ರಿ ಎರಡು ಚಪಾತಿ, 30 ಗ್ರಾಂ ಕಡಲೆಕಾಳಿನ ಹುಳಿ, ಮಜ್ಜಿಗೆಯಿಂದ 15. ಕಾಳು, ಬೇಳೆ, ಅಕ್ಕಿಯ ತೂಕವೆಲ್ಲ ಬೇಯಿಸುವ ಮೊದಲಿನದು. ರಾತ್ರಿಯೊಂದೇ ಊಟಕ್ಕೆ ಹೇರದೆ ಹೀಗೆ ಹಂಚುವುದರಿಂದ ಸ್ನಾಯುಗಳಿಗೆ ದಿನವಿಡೀ ಪ್ರೋಟೀನ್ ದೊರೆಯುತ್ತದೆ. ವಯಸ್ಸಾದವರಿಗಂತೂ ಇದನ್ನು ನಾನು ಒತ್ತಿ ಹೇಳುತ್ತೇನೆ.

ಹೊಲದಲ್ಲಿ ದುಡಿಯುವವರ ತೊಂದರೆ ಬೇರೆ. ಕ್ಯಾಲೊರಿಯೇ ಸಾಲದಿದ್ದರೆ ದೇಹ ತಿಂದ ಪ್ರೋಟೀನನ್ನೂ ಶಕ್ತಿಗಾಗಿ ಉರಿಸುತ್ತದೆ. ಆದ್ದರಿಂದ ಅವರಿಗೆ ಮುದ್ದೆ, ಅನ್ನ, ಎಣ್ಣೆ, ಶೇಂಗಾ ಕಡಿಮೆ ಮಾಡುವ ಸಲಹೆ ಕೂಡದು. ಮೂತ್ರಪಿಂಡದ ಕಾಯಿಲೆ ಇರುವವರು ಈ ಲೆಕ್ಕವನ್ನು ಬಿಟ್ಟು, ತಮ್ಮ ವೈದ್ಯರು ಗೊತ್ತುಪಡಿಸಿದ ಪ್ರಮಾಣವನ್ನೇ ಅನುಸರಿಸಬೇಕು.