ಮೀಟರ್ ಹೇಳಿದ್ದು 8.9

ಐಎಸ್‌ಒ 14001 ಅನ್ನುವ ಪರಿಸರ ನಿರ್ವಹಣಾ ಮಾನದಂಡದ ಪ್ರಮಾಣಪತ್ರ ಇದ್ದರೆ ಆ ಕಾರ್ಖಾನೆ ಬಿಡುವ ನೀರು ಶುದ್ಧ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಎಷ್ಟು ಸತು ಹೊರಬಿಡಬಹುದು, ಪಿಎಚ್ ಎಷ್ಟಿರಬೇಕು ಅಂತ ಆ ಮಾನದಂಡದಲ್ಲಿ ಒಂದೂ ಅಂಕಿ ಇಲ್ಲ. ಮಿತಿ ಹಾಕುವುದು ಕಾನೂನು, ಪರವಾನಗಿ. ನಿಮ್ಮ ಕೆಲಸದಿಂದ ಪರಿಸರಕ್ಕೆ ಎಲ್ಲೆಲ್ಲಿ ಪೆಟ್ಟು ಬೀಳುತ್ತದೆ ಅಂತ ನೀವೇ ಗುರುತಿಸಿ, ಅದನ್ನು ಹತೋಟಿಯಲ್ಲಿಡಿ, ಅಳೆಯಿರಿ, ತಪ್ಪಿದರೆ ತಿದ್ದಿ ಅನ್ನುತ್ತದೆ ಮಾನದಂಡ. ಅದು ನಿಜಕ್ಕೂ ನಡೆಯುತ್ತಿದೆಯಾ ಅಂತ ನೋಡುವುದು ಆಡಿಟರ್ ಕೆಲಸ.

ನಾನು ಫೈಲ್‌ಗಿಂತ ಮೊದಲು ಚರಂಡಿ ನೋಡುತ್ತೇನೆ. ನೀರು ಹೊರಗೆ ಹೋಗುವ ಜಾಗದಿಂದ ಹಿಂದಕ್ಕೆ ನಡೆದರೆ ಅರ್ಧ ಕಥೆ ತಾನೇ ಗೊತ್ತಾಗುತ್ತದೆ.

ಒಂದು ಸಣ್ಣ ಸತು ಪ್ಲೇಟಿಂಗ್ ಘಟಕದಲ್ಲಿ ಹೀಗೇ ನಡೆದು ಸಂಸ್ಕರಣಾ ಟ್ಯಾಂಕ್ ಹತ್ತಿರ ನಿಂತೆ. ತೊಳೆದ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಅನ್ನು 9ರ ಆಸುಪಾಸಿಗೆ ಏರಿಸುತ್ತಾರೆ. ಆಗ ಸತು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ರಿಜಿಸ್ಟರ್ ತೆರೆದೆ. 8.9, 8.9, 9.0, 8.9. ಮೂರು ತಿಂಗಳು ಹೀಗೇ. ಅಂಕಿ ಸುಳ್ಳಿರಬಹುದು ಅಂತ ಅನುಮಾನ ಬಂತು. ಆದರೆ ಆಪರೇಟರ್ ನನ್ನೆದುರೇ ಅಳೆದರು. 8.9 ಬಂತು. ಮನುಷ್ಯ ಪ್ರಾಮಾಣಿಕ.

“ಮೀಟರ್ ಸರಿಯಾಗಿ ತೋರಿಸ್ತಿದೆ ಅಂತ ಹೇಗೆ ನೋಡ್ತೀರಿ?” ಅಂದೆ.

“ಬಫರ್ ಇತ್ತು ಸರ್, ಖಾಲಿ ಆಯ್ತು.”

ಮೇಲಿನ ಲ್ಯಾಬ್‌ನಲ್ಲಿ ಒಂದು ಬಾಟಲಿ ಬಫರ್ ಸಿಕ್ಕಿತು, ಅಂದರೆ ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರುವ ದ್ರಾವಣ. ಇದು ಪಿಎಚ್ 7ರದ್ದು. ಮೀಟರ್ ಅದನ್ನು 7.8 ಅಂದಿತು. ಅಂದರೆ 8.9 ಅಂತ ಬರೆದಿದ್ದು ಹೆಚ್ಚುಕಡಿಮೆ 8.1. ಆ ಮಟ್ಟದಲ್ಲಿ ಸತು ಪೂರ್ತಿ ಕೂರುವುದಿಲ್ಲ, ಒಂದಿಷ್ಟು ನೀರಿನಲ್ಲೇ ಕರಗಿ ಹೊರಗೆ ಹೋಗುತ್ತದೆ. ನೋಡಲು ನೀರು ತಿಳಿಯಾಗಿಯೇ ಇತ್ತು, ಅದೇ ಅಪಾಯ.

ಮಾನದಂಡದ 9.1.1ನೇ ವಿಭಾಗದ ಪ್ರಕಾರ ಅಳೆಯುವ ಉಪಕರಣವನ್ನು ಪರೀಕ್ಷಿಸಿಯೇ ಬಳಸಬೇಕು. ಹಾಗಾಗಿ ಲೋಪ ಅಂತ ಬರೆದೆ. ಸಂಜೆಗೆಲ್ಲ ಮೀಟರ್‌ಗೆ ಹೊಸ ಎಲೆಕ್ಟ್ರೋಡ್ ಹಾಕಿ ಫೋಟೋ ಕಳಿಸಿದರು. ಮಾಲೀಕರಿಗೆ ವಿಷಯ ಮುಗಿದಂತೆ. ನನಗೆ ಅಲ್ಲ. ಅದು ರಿಪೇರಿ, ಕಾರಣ ಇನ್ನೂ ಅಲ್ಲೇ ಇದೆ ಅಲ್ವಾ?

ಬಫರ್ ಯಾಕೆ ಖಾಲಿಯಾಯಿತು ಅಂತ ಕೇಳುತ್ತಾ ಹೋದಾಗ ಸ್ಟೋರ್‌ಗೆ ಬಂದೆವು. ಅಲ್ಲಿನ ಖರೀದಿ ಪಟ್ಟಿಯಲ್ಲಿ ಆಮ್ಲ, ಕಾಸ್ಟಿಕ್, ಸತು ಎಲ್ಲ ಇದ್ದವು. ಬಫರ್ ಇರಲಿಲ್ಲ. ಹಳೇ ಸೂಪರ್‌ವೈಸರ್ ನೆನಪಿಟ್ಟು ತರಿಸುತ್ತಿದ್ದರಂತೆ. ಅವರು ಕೆಲಸ ಬಿಟ್ಟಿದ್ದರು. ಪಟ್ಟಿಗೆ ಬಫರ್ ಸೇರಿತು, ರಿಜಿಸ್ಟರ್‌ಗೆ ವಾರಕ್ಕೊಮ್ಮೆ ಬಫರ್ ಓದುವ ಕಾಲಂ ಬಂತು. ಹೊರಗೆ ಹೋಗುವ ನೀರಿನ ಮಾದರಿಯಲ್ಲಿ ಸತು ಎಷ್ಟಿದೆ ಅಂತ ಹೊರಗಿನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ಪರವಾನಗಿಯ ಮಿತಿ ಜೊತೆ ಹೋಲಿಸಿ ನೋಡಿ ಅಂತಲೂ ಹೇಳಿದೆ.

ಮುಂದಿನ ವರ್ಷದ ಆಡಿಟ್‌ನಲ್ಲಿ ಮೊದಲು ಆ ಕಾಲಂ ನೋಡಿದೆ. 7.0, 6.9, 7.1, ಒಂದು ವಾರ 7.5. ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ, “ಎಲೆಕ್ಟ್ರೋಡ್ ಬದಲಿಸಿದೆ.”